ಒಬ್ಬ ಸಹಾಬಿ ಒಪ್ಪದಿದ್ರೂ ಇಜ್ಮಾ ಆಗುತ್ತಾ? ಖಾಲಾ ಮನೆ ಪಾಲಿನ ಲೆಕ್ಕ

ಬಾಷಾನಗರದ ಹುಡುಗ
ಎಲ್ಲರಿಗೂ ಸಲಾಂ, ನಮಸ್ಕಾರ. ದಾವಣಗೆರೆಯಲ್ಲಿ ನಮ್ಮ ಖಾಲಾ, ಅಂದ್ರೆ ಅಮ್ಮನ ತಂಗಿ, ತೀರ್ಕೊಂಡ್ರು. ಮಕ್ಕಳಿಲ್ಲ, ಅಪ್ಪ ಅಮ್ಮ ಮೊದಲೇ ಹೋಗಿದಾರೆ, ಅಣ್ಣತಮ್ಮ ಯಾರೂ ಇಲ್ಲ. ಇರೋದು ಅವರ ಗಂಡ, ಅಂದ್ರೆ ನಮ್ಮ ಖಾಲೂ, ಮತ್ತೆ ಖಾಲಾನ ಇಬ್ಬರು ಒಡಹುಟ್ಟಿದ ಅಕ್ಕಂದಿರು, ಅದರಲ್ಲಿ ಒಬ್ಬರು ನಮ್ಮಮ್ಮ. ಖಾಲಾ ಹೆಸರಲ್ಲಿದ್ದ ಮನೆ ಮಾರಿ, ಸಾಲ, ಮಣ್ಣಿನ ಖರ್ಚು ಎಲ್ಲಾ ಕಳೆದು 42 ಲಕ್ಷ ಉಳಿದೈತೆ. ಮೌಲಾನಾ ಸಾಹೇಬ್ರು ಖಾಲೂಗೆ 18, ಅಕ್ಕಂದಿರಿಗೆ ತಲಾ 12 ಅಂತ ಬರೆದುಕೊಟ್ರು. ಖಾಲೂ ಒಪ್ತಿಲ್ಲ. ಮಕ್ಕಳಿಲ್ಲದ ಹೆಂಡತಿ ಆಸ್ತಿಲಿ ಗಂಡನಿಗೆ ಅರ್ಧ ಅಂತ ಕುರಾನಲ್ಲೇ ಐತೆ, 42ರ ಅರ್ಧ 21, ನನ್ನ 3 ಲಕ್ಷ ಎಲ್ಲಿಗೆ ಹೋಯ್ತು ಅಂತ ಕೇಳ್ತಾರೆ. ಮೌಲಾನಾ ಅಂದ್ರು, ಇದು ಹಜ್ರತ್ ಉಮರ್ ಕಾಲದಿಂದ ಇಜ್ಮಾ, ಎಲ್ಲಾ ಉಲಮಾ ಒಪ್ಪಿರೋದು, ಇದರಲ್ಲಿ ಚರ್ಚೆ ಇಲ್ಲ. ಅಷ್ಟರಲ್ಲಿ ಖಾಲೂಗೆ ಯಾರೋ ಒಂದು ವಿಡಿಯೋ ಕಳಿಸಿದಾರೆ, ಇಬ್ನ್ ಅಬ್ಬಾಸ್ ಇದನ್ನ ಒಪ್ಪಿರ್ಲಿಲ್ಲ ಅಂತ ಅದರಲ್ಲಿ ಹೇಳ್ತಾರೆ. ಪ್ರವಾದಿಯವರ ಜೊತೆಗಿದ್ದ ಅಷ್ಟು ದೊಡ್ಡ ಸಹಾಬಿ ಒಪ್ಪದೆ ಇದ್ರೆ ಅದು ಇಜ್ಮಾ ಹೆಂಗಾಗುತ್ತೆ? ದಯವಿಟ್ಟು ಗೊತ್ತಿರೋರು ಹೇಳಿ, ಮನೇಲಿ ಮಾತೇ ನಿಂತೋಗಿದೆ.

ಮೊಹಲ್ಲಾ ಕಮಿಟಿ ಮೆಂಬರ್
ತಮ್ಮಾ, ಇದಕ್ಕೆ ಇಷ್ಟು ತಲೆ ಕೆಡಿಸ್ಕೋಬೇಡ. ಜಮಾತ್ ಕೂಡಿಸಿ, ಎಲ್ಲರ ಮುಂದೆ ಇಟ್ಟು, ಎಲ್ಲರೂ ಹೂಂ ಅಂದ್ರೆ ಅದೇ ಇಜ್ಮಾ. ನಮ್ಮ ಮಸೀದಿ ಅಂಗಡಿಗಳ ಬಾಡಿಗೆ ವಿಷಯದಲ್ಲಿ ಹಿಂಗೇ ಆಯ್ತು, ಒಂದೇ ಕೂತಲ್ಲಿ ಎಲ್ಲಾ ಮೆಂಬರ್ರೂ ಸೈನ್ ಹಾಕಿದ್ವಿ, ಆಮೇಲೆ ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

ಲಾ ಕಾಲೇಜ್ ಫೈನಲ್ ಇಯರ್
ಅಂಕಲ್, ಅದು ಕಮಿಟಿ ತೀರ್ಮಾನ ಅಷ್ಟೇ. ಇಜ್ಮಾ ಅಂದ್ರೆ ಮುಜ್ತಹಿದ್‌ಗಳು, ಅಂದ್ರೆ ಮೂಲದಿಂದ ತಾವೇ ಕಾನೂನು ತೆಗೆಯೋ ತಾಕತ್ತಿರೋ ವಿದ್ವಾಂಸರು, ಒಂದು ಕಾಲದೋರು ಎಲ್ಲರೂ ಒಪ್ಪಬೇಕು. ಎಲ್ಲರೂ ಅಂದ್ರೆ ಎಲ್ಲರೂ, ಒಬ್ಬ ಬೇಡ ಅಂದ್ರೂ ಮುರಿದುಹೋಯ್ತು. ಹಾಗಾಗಿ ಖಾಲೂ ಹೇಳೋದೇ ಸರಿ. ಇಬ್ನ್ ಅಬ್ಬಾಸ್ ಒಪ್ಪಿಲ್ಲ, ಇಜ್ಮಾ ಇಲ್ಲ, 21 ಲಕ್ಷ ಕೊಡಿ. ಇಷ್ಟೇ ಕೇಸು.

ಹರಿಹರದ ಓದುಗಿ
ಕಾಲೇಜಿನ ತಮ್ಮ ಹೇಳಿದ್ರಲ್ಲಿ ಅರ್ಧ ಸರಿ ಇದೆ. ಆದ್ರೆ ಇಬ್ನ್ ಅಬ್ಬಾಸ್ ಒಪ್ಪಲಿಲ್ಲ ಅನ್ನೋದರಲ್ಲಿ ಮುಖ್ಯ ಪ್ರಶ್ನೆ ಯಾವಾಗ ಒಪ್ಪಲಿಲ್ಲ ಅನ್ನೋದು. ಅದನ್ನ ಬಿಟ್ರೆ ಈ ವಿಷಯ ಅರ್ಥಾನೇ ಆಗಲ್ಲ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಲೆಕ್ಕ. ಸೂರೆ ನಿಸಾದ 12ನೇ ಆಯತ್‌ನಲ್ಲಿ ಗಂಡನಿಗೆ ಅರ್ಧ. ಅದೇ ಸೂರೆಯ 176ನೇ ಆಯತ್‌ನಲ್ಲಿ ಇಬ್ಬರು ಅಕ್ಕತಂಗಿಯರಿಗೆ ಮೂರರಲ್ಲಿ ಎರಡು ಭಾಗ. ಆಸ್ತಿನ 6 ಪಾಲು ಮಾಡಿದ್ರೆ ಗಂಡನಿಗೆ 3, ಅಕ್ಕತಂಗಿಯರಿಗೆ 4, ಒಟ್ಟು 7 ಬೇಕು, ಇರೋದು 6. ಖಾಲೂ ತಮ್ಮ ಆಯತ್ ಒಂದನ್ನೇ ಹಿಡ್ಕೊಂಡಿದಾರೆ, ಆದರೆ ನಿಮ್ಮಮ್ಮ, ದೊಡ್ಡಮ್ಮಂದೂ ಕುರಾನಿನ ಪಾಲೇ. 42ರಲ್ಲಿ ಅವರದು 28 ಆಗಬೇಕಿತ್ತು. ಯಾರಿಗಾದ್ರೂ ಕಡಿಮೆ ಆಗ್ಲೇಬೇಕು, ಪ್ರಶ್ನೆ ಯಾರಿಗೆ ಅನ್ನೋದು.

ಈ ಥರದ ಕೇಸು ಮೊದಲು ಬಂದಿದ್ದು ಹಜ್ರತ್ ಉಮರ್ ಖಲೀಫಾ ಆಗಿದ್ದಾಗ, 634ರಿಂದ 644ರ ಒಳಗೆ. ಒಂದು ರಿವಾಯತ್‌ನಲ್ಲಿ, ಅಂದ್ರೆ ಹಿಂದಿನೋರಿಂದ ಹೇಳ್ಕೊಂಡು ಬಂದ ವರದಿಲಿ, ಬಂದಿದ್ದೂ ಗಂಡ, ಇಬ್ಬರು ಅಕ್ಕತಂಗಿಯರೇ, ನಿಮ್ಮ ಮನೆ ಕೇಸೇ ಅನ್ನಿ. ಯಾರನ್ನ ಮುಂದೆ ಮಾಡ್ಬೇಕು, ಯಾರನ್ನ ಹಿಂದೆ ಹಾಕ್ಬೇಕು ನನಗೆ ಗೊತ್ತಾಗ್ತಿಲ್ಲ ಅಂತ ಉಮರ್ ಸಹಾಬಿಗಳನ್ನ ಕೇಳಿದ್ರು. ದಾರಿ ತೋರಿಸಿದ್ದು ಇಬ್ನ್ ಅಬ್ಬಾಸ್‌ರ ತಂದೆ ಅಬ್ಬಾಸ್ ಅಂತ ಕೆಲವರು, ಬೇರೆಯವರ ಹೆಸರು ಹೇಳೋ ರಿವಾಯತ್ತೂ ಇದಾವೆ. ವಾದ ಇದು: ಒಬ್ಬ 6 ದಿರ್ಹಮ್ ಬಿಟ್ಟು ಸತ್ತ, ಒಬ್ಬನಿಗೆ 3, ಇನ್ನೊಬ್ಬನಿಗೆ 4 ಸಾಲ ಕೊಡಬೇಕಿತ್ತು. ಆ 6ನ್ನ 7 ಭಾಗ ಮಾಡಿ, 3 ಭಾಗ ಇವನಿಗೆ, 4 ಭಾಗ ಅವನಿಗೆ ಕೊಡ್ತೀರಿ ಅಲ್ವಾ? ಇಲ್ಲೂ ಹಂಗೇ. ಇದನ್ನೇ ಔಲ್ ಅನ್ನೋದು. ಎಲ್ಲರ ಪಾಲೂ ಅವರವರ ಅಳತೆ ಪ್ರಕಾರ ಕಡಿಮೆ ಆಗುತ್ತೆ. 42ನ್ನ 7 ಮಾಡಿದ್ರೆ ಒಂದೊಂದು 6 ಲಕ್ಷ, ಗಂಡನಿಗೆ 3 ಪಾಲು 18, ಅಕ್ಕಂದಿರಿಗೆ 4 ಪಾಲು 24. ಮೌಲಾನಾ ಲೆಕ್ಕ ಸರಿಯಾಗೇ ಇದೆ.

ಈಗ ಇಬ್ನ್ ಅಬ್ಬಾಸ್. ಉಮರ್ ಹಿಂಗೆ ತೀರ್ಮಾನ ಮಾಡಿದಾಗ ಅವರು ಮಾತಾಡಲಿಲ್ಲ. ಉಮರ್ ತೀರ್ಕೊಂಡ ಮೇಲೆ ತಮ್ಮ ಅಭಿಪ್ರಾಯ ಹೇಳಿದ್ರು. ಆಲಿಜ್ ಮರಳುಗಾಡಿನ ಮರಳಿನ ಕಣ ಎಣಿಸಬಲ್ಲ ದೇವರು ಒಂದು ಆಸ್ತಿಲಿ ಕೂಡಿಸಿದ್ರೆ ಒಂದನ್ನ ಮೀರೋ ಪಾಲುಗಳನ್ನ ಇಟ್ಟಿರ್ತಾನಾ ಅನ್ನೋದು ಅವರ ವಾದ. ಆಗ್ಲೇ ಯಾಕೆ ಉಮರ್‌ಗೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, ಅವರ ಗಾಂಭೀರ್ಯಕ್ಕೆ ಅಂಜಿದೆ ಅಂದ್ರಂತೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಸೂಲ್, ಅಂದ್ರೆ ಮೂಲದಿಂದ ಕಾನೂನು ತೆಗೆಯೋ ತತ್ವ, ಓದೋರು ಜಗಳ ಆಡ್ತಿರೋದು ಈ ಒಂದು ಉತ್ತರದ ಮೇಲೆ.

ಬಾಷಾನಗರದ ಹುಡುಗ
ಜಜಾಕಲ್ಲಾಹ್ ಆಪಾ. ನಮ್ಮಮ್ಮನ ಪಾಲೂ ಕುರಾನಿಂದಾನೇ ಕಡಿಮೆ ಆಗಿದೆ ಅನ್ನೋದು ಯಾರೂ ಹೇಳಿರ್ಲಿಲ್ಲ. ಇಬ್ನ್ ಅಬ್ಬಾಸ್ ಪ್ರಕಾರ ಹೋದ್ರೆ ಯಾರಿಗೆ ಎಷ್ಟು ಬರುತ್ತೆ?

ಹರಿಹರದ ಓದುಗಿ
ಗಂಡನಿಗೆ ಪೂರ್ತಿ 21, ಉಳಿದ 21ರಲ್ಲಿ ಅಕ್ಕಂದಿರಿಗೆ ತಲಾ ಹತ್ತೂವರೆ. ಅವರ ಕಾರಣಾನೂ ಗಟ್ಟಿ ಇದೆ. ಗಂಡನ ಪಾಲು ಅರ್ಧದಿಂದ ಇಳಿದ್ರೂ ಕಾಲು ಅನ್ನೋ ಇನ್ನೊಂದು ನಿಗದಿ ಪಾಲಿಗೆ ಇಳಿಯುತ್ತೆ. ಅಕ್ಕತಂಗಿಯರು ಹಂಗಲ್ಲ, ಒಬ್ಬ ಅಣ್ಣನೋ ತಮ್ಮನೋ ಇದ್ದುಬಿಟ್ರೆ ಅವರ ನಿಗದಿ ಪಾಲೇ ಹೋಗಿ, ಉಳಿದಿದ್ರಲ್ಲಿ ಹಂಚ್ಕೋಬೇಕು. ನಿಮ್ಮ ಖಾಲಾಗೆ ಒಬ್ಬ ತಮ್ಮ ಇದ್ದಿದ್ರೆ ಔಲ್ ಮಾತೇ ಬರ್ತಿರ್ಲಿಲ್ಲ, ಖಾಲೂಗೆ 21, ತಮ್ಮನಿಗೆ ಹತ್ತೂವರೆ, ಅಕ್ಕಂದಿರಿಗೆ ತಲಾ ಐದೂಕಾಲು. ಹಿಂಗೆ ಉಳಿಕೆಗೆ ಇಳಿಯೋ ಜಾಗದಲ್ಲಿರೋರೇ ನಷ್ಟ ಹೊರಬೇಕು ಅಂತ ಅವರು ಹೇಳಿದ್ದು. ಶಿಯಾ ಕಾನೂನಿನಲ್ಲಿ ಇವತ್ತಿಗೂ ಔಲ್ ಇಲ್ಲ, ಈ ಕೇಸಲ್ಲಿ ಅವರ ಉತ್ತರಾನೂ 21, ಹತ್ತೂವರೆ, ಹತ್ತೂವರೆ.

ಲಾ ಕಾಲೇಜ್ ಫೈನಲ್ ಇಯರ್
ಮೇಡಂ ನೀವೇ ಹೇಳಿದ್ರಲ್ಲ, ಅಂಜಿ ಸುಮ್ನಿದ್ರು ಅಂತ. ಅಂಜಿ ಸುಮ್ನಿರೋದನ್ನ ಒಪ್ಪಿಗೆ ಅಂತ ಯಾವ ಕೋರ್ಟ್ ಒಪ್ಪುತ್ತೆ? ಅದೂ ಅಲ್ಲದೆ ಆಗ ಅವರು ಚಿಕ್ಕ ಹುಡುಗ ಅಂತ ಓದಿದೀನಿ, ಹುಡುಗನ ಮೌನಕ್ಕೆ ಏನು ಬೆಲೆ. ಯಾವ ಕಡೆಯಿಂದ ನೋಡಿದ್ರೂ ಇಜ್ಮಾ ಇಲ್ಲ.

ಹರಿಹರದ ಓದುಗಿ
ನೀವು ತಂದಿರೋ ಎರಡು ವಾದ ಒಂದಕ್ಕೊಂದು ಹೊಡೀತವೆ ನೋಡಿ. ಚಿಕ್ಕ ಹುಡುಗ, ಲೆಕ್ಕಕ್ಕಿಲ್ಲ ಅಂದ್ರೆ ಆಗ ಇದ್ದ ಉಳಿದೋರೆಲ್ಲ ಒಪ್ಪಿದಾರೆ, ಇಜ್ಮಾ ಪೂರ್ತಿ ಆಯ್ತು, ಖಾಲೂ ಸೋತ್ರು. ಲೆಕ್ಕಕ್ಕಿದ್ರು ಅಂದ್ರೆ ಮಾತ್ರ ಅವರ ಮೌನದ ಪ್ರಶ್ನೆ ಬರೋದು. ನನ್ನ ಪ್ರಕಾರ ಲೆಕ್ಕಕ್ಕಿದ್ರು. ಹಿಜ್ರತ್‌ಗೆ ಸುಮಾರು 3 ವರ್ಷ ಮುಂಚೆ ಹುಟ್ಟಿದೋರು, ಉಮರ್ ತೀರ್ಕೊಂಡಾಗ ಇಪ್ಪತ್ತೈದರ ಆಸುಪಾಸು. ಬದ್ರ್‌ನಲ್ಲಿ ಹೋರಾಡಿದ ಹಿರಿಯರ ಜೊತೆ ಉಮರ್ ತಾವೇ ಅವರನ್ನ ಕೂರಿಸ್ಕೊಳ್ತಿದ್ರು, ಅದಕ್ಕೆ ಕೆಲವು ಹಿರಿಯರು ಗೊಣಗಿದ್ದೂ ಇದೆ. ಇಲ್ಲಿ ವಯಸ್ಸು ಅಳತೆ ಅಲ್ಲ, ಮೂಲದಿಂದ ಹುಕುಂ ತೆಗೆಯೋ ಶಕ್ತಿ ಅಳತೆ.

ಇನ್ನು ಮೌನ. ಇಮಾಮ್ ಶಾಫಿಯವರದ್ದು ಅಂತ ಪ್ರಸಿದ್ಧವಾದ ಮಾತಿದೆ, ಸುಮ್ನಿದ್ದವನ ಬಾಯಿಗೆ ಮಾತು ಹಾಕೋ ಹಂಗಿಲ್ಲ ಅಂತ. ಯೋಚನೆ ಮಾಡ್ತಿರಬಹುದು, ಹೆದರಿರಬಹುದು, ಬೇರೆಯವರು ಹೇಳ್ತಾರೆ ಅಂತ ಬಿಟ್ಟಿರಬಹುದು. ಈ ವಾದ ಮಾಡೋರಿಗೆ ಇಬ್ನ್ ಅಬ್ಬಾಸ್ ಉತ್ತರಕ್ಕಿಂತ ದೊಡ್ಡ ಆಧಾರ ಇಲ್ಲ. ಆದ್ರೆ ನಮ್ಮ ಕಡೆ ಬಹುತೇಕ ಹನಫಿಗಳು, ಅಂದ್ರೆ ಸುನ್ನಿಗಳ ನಾಲ್ಕು ಮಜ್ಹಬ್, ಕಾನೂನು ಪಂಥಗಳಲ್ಲಿ ಒಂದರೋರು, ಹನಫಿಗಳು ಮೌನದ ಇಜ್ಮಾನ ಒಪ್ತಾರೆ. ಸುಮ್‌ಸುಮ್ನೆ ಅಲ್ಲ, ಷರತ್ತಿದೆ. ವಿಷಯ ಎಲ್ಲರಿಗೂ ತಲುಪಿರಬೇಕು, ಯೋಚನೆಗೆ ಸಮಯ ಸಿಕ್ಕಿರಬೇಕು, ಬೆದರಿಕೆ ಇರಬಾರದು. ಗೊತ್ತಿದ್ದೂ ತಪ್ಪನ್ನ ಕಂಡು ಸುಮ್ನಿರೋದು ಅಂಥ ವಿದ್ವಾಂಸರಿಗೆ ಹರಾಮ್, ಹಾಗಾಗಿ ಅವರ ಮೌನ ಒಪ್ಪಿಗೆನೇ ಅನ್ನೋದು ಅವರ ತರ್ಕ. ಎಲ್ಲರೂ ಬಾಯಿಬಿಟ್ಟು ಹೇಳಲೇಬೇಕು ಅಂದ್ರೆ ಜಗತ್ತಲ್ಲಿ ಒಂದು ಇಜ್ಮಾನೂ ಸಿಗಲ್ಲ ಅಂತಾನೂ ಹೇಳ್ತಾರೆ. ಅಂಜಿದೆ ಅನ್ನೋ ಕಥೆಗೆ ಬಜ್ದವಿಯಂಥ ಹನಫಿ ಉಸೂಲಿಗಳ ಉತ್ತರ, ಆ ರಿವಾಯತ್ತೇ ಸರಿಯಿಲ್ಲ, ಯಾಕಂದ್ರೆ ಸತ್ಯ ಹೇಳಿದ್ರೆ ಉಮರ್‌ನಷ್ಟು ಬೇಗ ಬಾಗೋರು ಇರ್ಲಿಲ್ಲ, ಸಹಾಬಿಗಳು ಅವರ ಎದುರೇ ವಾದ ಮಾಡ್ತಿದ್ದದ್ದು ಎಲ್ಲರಿಗೂ ಗೊತ್ತು.

ಈ ಉತ್ತರ ನನಗೆ ಸಮಾಧಾನ ಕೊಡಲ್ಲ, ಬಿಚ್ಚು ಮನಸ್ಸಿಂದ ಹೇಳ್ತೀನಿ. ನ್ಯಾಯವಂತ ಆದ ಮಾತ್ರಕ್ಕೆ ಎದುರು ಕೂತ ಕಿರಿಯನಿಗೆ ಅಳುಕು ಇರಲ್ಲ ಅಂತ ಅಲ್ಲ. ರಿವಾಯತ್‌ನ ಸನದ್, ಅಂದ್ರೆ ಯಾರಿಂದ ಯಾರಿಗೆ ಬಂತು ಅನ್ನೋ ಸರಪಳಿ, ನೋಡಿ ತಳ್ಳಿಹಾಕಿದ್ರೆ ಒಂದು ಮಾತು, ಉಮರ್ ಅಂಥೋರಲ್ಲ ಅಂತ ತಳ್ಳಿಹಾಕಿದ್ರೆ ಅದು ಬರೀ ಊಹೆ.

ಹಳೇಪೇಟೆ ಅಣ್ಣ
ನಾನು ನಿಮ್ಮ ಧರ್ಮದೋನಲ್ಲ, ಕುತೂಹಲಕ್ಕೆ ಓದ್ತಿದೀನಿ, ತಪ್ಪು ತಿಳೀಬೇಡಿ. ನನಗೆ ಅರ್ಥ ಆಗದೇ ಇರೋದು ಏನಂದ್ರೆ, ಮದೀನದಲ್ಲಿ ಹತ್ತಿಪ್ಪತ್ತು ಜನ ಇದ್ದಾಗ ಎಲ್ಲರನ್ನೂ ಕೇಳ್ಬಹುದು ಸರಿ, ಆಮೇಲೆ ಸ್ಪೇನಿಂದ ಮಧ್ಯ ಏಷ್ಯಾ ತನಕ ಪಂಡಿತರು ಹರಡಿಕೊಂಡಿದಾರಲ್ಲ, ಎಲ್ಲರೂ ಒಪ್ಪಿದಾರೆ ಅಂತ ಯಾರು ಹೋಗಿ ಕೇಳ್ಕೊಂಡು ಬಂದ್ರು? ಮತ್ತೆ ಯಾರು ಪಂಡಿತ ಯಾರಲ್ಲ ಅಂತ ಹೇಳೋರು ಯಾರು?

ಹರಿಹರದ ಓದುಗಿ
ಅಣ್ಣಾ, ಒಳ್ಳೆ ಪ್ರಶ್ನೆ, ಇದನ್ನ ಒಳಗಿನೋರೇ ಕೇಳಿದಾರೆ. ಇಮಾಮ್ ಅಹ್ಮದ್ ಇಬ್ನ್ ಹಂಬಲ್, 855ರಲ್ಲಿ ತೀರ್ಕೊಂಡೋರು, ಇಜ್ಮಾ ಆಗಿದೆ ಅಂತ ಹೇಳೋನು ಸುಳ್ಳು ಹೇಳ್ತಾನೆ, ಜನ ಬೇರೆ ಹೇಳಿರಬಹುದು, ಇವನಿಗೆ ಹೆಂಗೆ ಗೊತ್ತು, ಭಿನ್ನಾಭಿಪ್ರಾಯ ನನಗೆ ತಿಳಿದಿಲ್ಲ ಅಂತ ಹೇಳ್ಲಿ ಅಂದಿದಾರೆ. ಮೂಲಗ್ರಂಥದ ನೇರ ಮಾತಿಗೇ ಅಂಟಿಕೊಳ್ಳೋ ದಾವೂದ್ ಮತ್ತೆ ಇಬ್ನ್ ಹಜ್ಮ್‌ರಂಥ ಜಾಹಿರಿಗಳಂತೂ ಸಹಾಬಿಗಳ ಕಾಲದ ಇಜ್ಮಾ ಬಿಟ್ಟು ಬೇರೆದನ್ನ ಒಪ್ಪೋದೇ ಇಲ್ಲ, ಕಾರಣ ನೀವು ಹೇಳಿದ್ದೇ, ಆಮೇಲೆ ಎಲ್ಲರನ್ನೂ ಎಣಿಸೋಕೆ ಆಗಲ್ಲ.

ಯಾರು ಪಂಡಿತ ಅನ್ನೋದು ಇನ್ನೂ ಕಷ್ಟ. ಗಜಾಲಿ ಒಂದು ಗೆರೆ ಎಳೀತಾರೆ. ಐದು ಹೊತ್ತಿನ ನಮಾಜಿನಂಥ ವಿಷಯದಲ್ಲಿ ಸಾಮಾನ್ಯ ಜನಾನೂ ಸೇರಿಯೇ ಇಜ್ಮಾ, ಯಾಕಂದ್ರೆ ಅದು ಎಲ್ಲರಿಗೂ ಗೊತ್ತು. ಪಾಲಿನ ಲೆಕ್ಕದಂಥ ಸೂಕ್ಷ್ಮದಲ್ಲಿ ಜನ ತಿಳಿದೋರಿಗೇ ಬಿಟ್ಟಿರ್ತಾರೆ. ಆಮಿದಿಯಂಥೋರು ಸಾಮಾನ್ಯರನ್ನೂ ಎಣಿಸಬೇಕು ಅನ್ನೋ ಕಡೆ ವಾಲಿದ್ರು, ಹದೀಸಲ್ಲಿ ತಪ್ಪಿನ ಮೇಲೆ ಒಂದಾಗಲ್ಲ ಅಂತ ಹೇಳಿರೋದು ಇಡೀ ಮುಸ್ಲಿಂ ಸಮುದಾಯ, ಅಂದ್ರೆ ಉಮ್ಮತ್ ಬಗ್ಗೆ, ಬರೀ ಉಲಮಾ ಬಗ್ಗೆ ಅಲ್ಲ ಅಂತ. ನಮ್ಮ ಕಮಿಟಿ ಮೆಂಬರ್ ಸಾಹೇಬ್ರಿಗೆ ಸ್ವಲ್ಪ ಹತ್ತಿರ ಬರೋ ಮಾತು ಅದೊಂದೇ, ಆದ್ರೂ ಒಂದು ಮೊಹಲ್ಲಾ ಉಮ್ಮತ್ ಆಗಲ್ಲ.

ಈ ಕೇಸಲ್ಲಿ ನೇರವಾಗಿ ತಗಲೋ ಜಗಳ ಬೇರೆ. ಇಬ್ನ್ ಅಬ್ಬಾಸ್ ಆದ್ಮೇಲೆ ಔಲ್ ಒಪ್ಪದವರು ಮುಖ್ಯವಾಗಿ ದಾವೂದ್, ಇಬ್ನ್ ಹಜ್ಮ್, ಮತ್ತೆ ಶಿಯಾ ವಿದ್ವಾಂಸರು. ಜಾಹಿರಿಗಳು ಕಿಯಾಸ್, ಅಂದ್ರೆ ಹೋಲಿಕೆಯಿಂದ ಹುಕುಂ ತೆಗೆಯೋದನ್ನ, ಒಪ್ಪಲ್ಲ, ಕಿಯಾಸ್ ಒಪ್ಪದವನು ಮುಜ್ತಹಿದ್ ಅಲ್ಲ, ಅವನ ವಿರೋಧ ಲೆಕ್ಕಕ್ಕಿಲ್ಲ ಅಂತ ಜುವೈನಿಯಂಥ ದೊಡ್ಡ ಶಾಫಿಗಳೇ ಹೇಳಿದಾರೆ. ಶಿಯಾಗಳನ್ನ ಬಿದ್‌ಅತ್, ಅಂದ್ರೆ ಧರ್ಮದಲ್ಲಿ ಹೊಸದು ಸೇರಿಸೋರು, ಅನ್ನೋ ಹೆಸರಲ್ಲಿ ಹೊರಗಿಟ್ರು. ಇಷ್ಟೂ ಜನರನ್ನ ಹೊರಗೆ ಹಾಕಿದ ಮೇಲೆ ಉಳಿದೋರೆಲ್ಲ ಒಪ್ಪಿದಾರೆ ಅಂದ್ರೆ ಒಪ್ಪದೆ ಏನು ಮಾಡ್ತಾರೆ? ಇಜ್ಮಾ ಅನ್ನೋ ಮಾತು ಕೇಳಿದ ಕೂಡ್ಲೇ ಮೊದಲು ನೋಡ್ಬೇಕಾದ್ದು ಯಾರನ್ನ ಎಣಿಸಿದ್ರು, ಯಾರನ್ನ ಬಿಟ್ರು ಅನ್ನೋದು.

ಆಲಿಮ್ ಕೋರ್ಸ್ ಮುಗಿಸಿದೋನು
ಆಪಾ, ನಿಮ್ಮ ಓದು ಜಾಸ್ತಿ, ಇಲ್ಲ ಅನ್ನಲ್ಲ, ಆದ್ರೆ ಕೊನೇ ಮಾತಿಂದ ಜನ ಎಲ್ಲಾ ಇಜ್ಮಾನೂ ಮೋಸ ಅಂದ್ಕೊಳ್ತಾರೆ. ಜಾಹಿರಿ, ಶಿಯಾಗಳನ್ನ ಎಣಿಸಿದ್ರೂ ನಮಗೆ ತೊಂದ್ರೆ ಇಲ್ಲ. ನಮ್ಮ ಮಜ್ಹಬ್‌ನಲ್ಲಿ ಒಂದು ಕಾಲದ ಮುಜ್ತಹಿದ್‌ಗಳು ಒಪ್ಪಿದ ಕ್ಷಣದಲ್ಲೇ ಇಜ್ಮಾ ಕಟ್ಟುತ್ತೆ, ಅವರೆಲ್ಲ ಸಾಯೋ ತನಕ ಕಾಯ್ಬೇಕಿಲ್ಲ. ಉಮರ್ ಕಾಲದಲ್ಲಿ ಕಟ್ಟಿತು. ಇಬ್ನ್ ಅಬ್ಬಾಸ್ ಆಮೇಲೆ ಹೇಳಿದ್ದು ಕಟ್ಟಿದ ಇಜ್ಮಾ ವಿರುದ್ಧ, ಅವರ ದರ್ಜೆಗೆ ನಮ್ಮ ತಲೆ ಬಾಗುತ್ತೆ, ಆದ್ರೆ ಆ ಮಾತು ನಡೆಯಲ್ಲ. ಅವರ ಶಿಷ್ಯ ಅತಾನೇ ಅವರಿಗೆ ಹೇಳಿದ್ರಲ್ಲ, ಇದರಿಂದ ನಿಮಗೂ ಪ್ರಯೋಜನ ಇಲ್ಲ ನನಗೂ ಇಲ್ಲ, ನೀವು ಸತ್ರೂ ನಾನು ಸತ್ರೂ ನಮ್ಮ ಆಸ್ತಿನ ಜನ ಈಗ ನಡೀತಿರೋ ಹಂಗೇ ಹಂಚ್ತಾರೆ ಅಂತ.

ಹರಿಹರದ ಓದುಗಿ
ಅತಾ ಮಾತು ಸರಿ, ಆದ್ರೆ ಅತಾ ಸ್ವತಃ ಇಬ್ನ್ ಅಬ್ಬಾಸ್ ಕಡೆ ಇದ್ದೋರು, ಜನ ಏನು ಮಾಡ್ತಾರೆ ಅಂತ ಹೇಳಿದ್ರೇ ಹೊರತು ಯಾವುದು ಸರಿ ಅಂತ ಅಲ್ಲ. ಕಾಯ್ಬೇಕೋ ಬೇಡ್ವೋ ಅನ್ನೋದಕ್ಕೆ ಹಜ್ರತ್ ಅಲಿಯವರ ಸಂಗತಿ ನಿಮಗೂ ಗೊತ್ತು. ಯಜಮಾನನಿಂದ ಮಗು ಹೆತ್ತ ಗುಲಾಮ ಹೆಂಗಸನ್ನ ಮಾರಬಾರದು ಅಂತ ಉಮರ್ ಜೊತೆ ಒಪ್ಪಿದ್ದ ಅಲಿ, ಆಮೇಲೆ ಮಾರಬಹುದು ಅಂದ್ರು. ಆಗ ಅಬೀದಾ ಸಲ್ಮಾನಿ, ಒಬ್ಬರೇ ಇರೋ ನಿಮ್ಮ ಅಭಿಪ್ರಾಯಕ್ಕಿಂತ ಜಮಾತಿನ ಜೊತೆಗಿದ್ದ ನಿಮ್ಮ ಅಭಿಪ್ರಾಯಾನೇ ನಮಗೆ ಇಷ್ಟ ಅಂದ್ರು. ಇಷ್ಟ ಅಂದ್ರು, ನಿಮಗೆ ಹಕ್ಕಿಲ್ಲ ಅನ್ನಲಿಲ್ಲ. ಒಪ್ಪಿದ ಕ್ಷಣಕ್ಕೇ ಬೀಗ ಬೀಳುತ್ತೆ ಅನ್ನೋದಾದ್ರೆ ಅಲಿಯಂಥೋರು ಮಾತು ಬದಲಿಸ್ತಿದ್ರಾ? ಅಹ್ಮದ್‌ರ ಹೆಸರಲ್ಲಿ ಬರೋ ಒಂದು ಮತ ಅದಕ್ಕೇ ಆ ಪೀಳಿಗೆ ಮುಗೀಬೇಕು ಅನ್ನುತ್ತೆ. ಹಂಗೆ ನೋಡಿದ್ರೆ ಔಲ್ ಮೇಲೆ ಸಹಾಬಿಗಳ ಇಜ್ಮಾ ಇಲ್ಲ. ನಾಲ್ಕೂ ಮಜ್ಹಬ್ ಆಮೇಲೆ ಒಂದಾಗಿದ್ದು ನಿಜ, ಆದ್ರೆ ಹಳೇ ಭಿನ್ನಾಭಿಪ್ರಾಯನ ನಂತರದೋರ ಒಮ್ಮತ ಅಳಿಸುತ್ತಾ ಅನ್ನೋದರಲ್ಲೇ ಮತ್ತೆ ಭಿನ್ನಾಭಿಪ್ರಾಯ ಇದೆ.

ಆಲಿಮ್ ಕೋರ್ಸ್ ಮುಗಿಸಿದೋನು
ಇಲ್ಲಿ ನಾನು ನಿಮ್ಮ ಜೊತೆ ಬರಲ್ಲ ಆಪಾ. ಅಲಿಯವರ ವಿಷಯದಲ್ಲಿ ಆಗ ಜಾಬಿರ್ ಥರ ಬೇರೆಯವರ ಮಾತೂ ಇತ್ತು, ಅದಕ್ಕೇ ಅಲ್ಲಿ ಇಜ್ಮಾ ಕಟ್ಟಿರ್ಲಿಲ್ಲ ಅನ್ನಬಹುದು. ಅದನ್ನ ತಂದು ಇದಕ್ಕೆ ಹಚ್ಚೋಕಾಗಲ್ಲ.

ಮೊಹಲ್ಲಾ ಕಮಿಟಿ ಮೆಂಬರ್
ಅದೆಲ್ಲ ಇರ್ಲಿ, ಇಜ್ಮಾ ಒಪ್ಪದೋನು ಕಾಫಿರ್ ಅಂತ ನಮ್ಮ ಕಡೆ ಒಬ್ಬರು ಬಯಾನ್‌ನಲ್ಲಿ ಹೇಳಿದ್ರು. ಆ ಖಾಲೂಗೆ ಯಾರಾದ್ರೂ ಎಚ್ಚರಿಕೆ ಕೊಡಿ.

ಆಲಿಮ್ ಕೋರ್ಸ್ ಮುಗಿಸಿದೋನು
ದಯವಿಟ್ಟು ಬೇಡ ಸಾಹೇಬ್ರೇ. ಹನಫಿ ಕಿತಾಬುಗಳಲ್ಲೇ ಇಜ್ಮಾಗೆ ದರ್ಜೆ ಇದೆ. ಸಹಾಬಿಗಳು ಬಾಯಿಬಿಟ್ಟು ಒಪ್ಪಿದ್ದು ಮೇಲೆ, ಕೆಲವರು ಹೇಳಿ ಉಳಿದೋರು ಸುಮ್ನಿದ್ದದ್ದು ಅದರ ಕೆಳಗೆ. ಮೌನದ ಇಜ್ಮಾ ಒಪ್ಪದೋನನ್ನ ಕಾಫಿರ್ ಅನ್ನಲ್ಲ. ಅನ್ನೋ ಹಂಗಿದ್ರೆ ಇಬ್ನ್ ಅಬ್ಬಾಸ್‌ಗೆ ಏನಂತೀರಿ? ಹೆಂಡತಿ ಕಳ್ಕೊಂಡಿರೋ ಮನುಷ್ಯನ ಮನೆ ಬಾಗಿಲಿಗೆ ಇಂಥ ಮಾತು ಒಯ್ಯಬೇಡಿ.

ದುರ್ಗದ ವಕೀಲ
ನಾನು ಚಿತ್ರದುರ್ಗದಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡೋನು, ಇಂಥ ಪಾಲಿನ ದಾವೆ ನೋಡಿದೀನಿ. ಇಷ್ಟು ಚರ್ಚೆ ಕೋರ್ಟಲ್ಲಿ ಬರೋದೇ ಇಲ್ಲ ಕಣ್ರಿ. ಜಡ್ಜು ಕೇಳೋದು ಸತ್ತೋರು ಯಾವ ಪಂಥ ಅಂತ. ಖಾಲೂ ಪಂಥ ಅಲ್ಲ, ಖಾಲಾದು. ಸುನ್ನಿ ಹನಫಿ ಅಂದ್ರೆ ಔಲ್, ಏಳರಲ್ಲಿ ಮೂರು, ಮುಗೀತು. ಶಿಯಾ ಅಂದ್ರೆ ಅರ್ಧ. ಬೇರೆ ಅಂತ ಪ್ರೂವ್ ಮಾಡದಿದ್ರೆ ಸುನ್ನಿ ಅಂತಲೇ ಹಿಡೀತಾರೆ. ಆಯತ್ ಓದಿ ನೀವೇ ಹೊಸದಾಗಿ ಅರ್ಥ ಮಾಡಿ ಅಂತ ಜಡ್ಜಿಗೆ ಹೇಳೋಕಾಗಲ್ಲ. ಹಳೇ ಪ್ರಮಾಣಗ್ರಂಥಗಳ ಸ್ಪಷ್ಟ ಮಾತಿನ ವಿರುದ್ಧ ಕುರಾನಿಗೆ ಕೋರ್ಟು ತನ್ನದೇ ಅರ್ಥ ಹಚ್ಚಬಾರದು ಅಂತ 1897ರಲ್ಲೇ ಬ್ರಿಟಿಷರ ಕಾಲದ ಕೊನೇ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ ಹೇಳಿದೆ, ಆಗಾ ಮಹಮದ್ ಜಾಫರ್ ಕೇಸಲ್ಲಿ. ಹಾಗಾಗಿ ಮೌಲಾನಾ ಇಜ್ಮಾ ಅಂತ ಹೇಳಿದ್ದು ಸರಿಯೋ ತಪ್ಪೋ, 18 ಲಕ್ಷ ನಿಲ್ಲೋದು ಅದು ಹನಫಿ ಕಾನೂನು ಅನ್ನೋ ಕಾರಣಕ್ಕೆ.

ಲಾ ಕಾಲೇಜ್ ಫೈನಲ್ ಇಯರ್
ಸರ್, ಆದ್ರೂ ಇದು ಸರಿ ಅನ್ಸಲ್ಲ. ಇಜ್ಮಾದ ಬುಡಾನೇ ಅಲ್ಲಾಡ್ತಿದೆ ಅಂದ್ಮೇಲೆ ಅದರ ಮೇಲೆ ನಿಂತ ಹನಫಿ ನಿಯಮ ಹೆಂಗೆ ನಿಲ್ಲುತ್ತೆ?

ಹರಿಹರದ ಓದುಗಿ
ಔಲ್‌ಗೆ ಇಜ್ಮಾ ಒಂದೇ ಆಧಾರ ಅಲ್ಲ ತಮ್ಮಾ, 6 ದಿರ್ಹಮಿನ ಸಾಲದ ಕಿಯಾಸ್ ತನ್ನಷ್ಟಕ್ಕೆ ನಿಲ್ಲುತ್ತೆ. ಇಬ್ಬರ ಹಕ್ಕೂ ಒಂದೇ ತೂಕದ್ದು ಅಂದ್ರೆ ಇಬ್ಬರೂ ಸೇರಿ ನಷ್ಟ ಹೊರೋದು ನ್ಯಾಯ. ನನಗೆ ಔಲ್‌ನ ಲೆಕ್ಕಾನೇ ಸರಿ ಅನ್ಸುತ್ತೆ. ಇಜ್ಮಾ ಆಗಿದೆ, ಬಾಯಿ ಮುಚ್ಚು ಅಂತ ಹೇಳೋದು ಮಾತ್ರ ಸರಿ ಅನ್ಸಲ್ಲ. ಖಾಲೂಗೆ ಮೌಲಾನಾ ಆ ದಿರ್ಹಮಿನ ಲೆಕ್ಕ ಹೇಳಿದ್ದಿದ್ರೆ ಬಹುಶಃ ಇಷ್ಟು ದೂರ ಬರ್ತಿರ್ಲಿಲ್ಲ.

ಬಾಷಾನಗರದ ಹುಡುಗ
ನಿನ್ನೆ ರಾತ್ರಿ ಖಾಲೂ ಮನೆಗೆ ಹೋಗಿ ಆ 6 ದಿರ್ಹಮ್ ಲೆಕ್ಕ ಪೇಪರ್ ಮೇಲೆ ಬರೆದು ತೋರಿಸ್ದೆ. ಸಾಲಕ್ಕೂ ಪಾಲಿಗೂ ಏನು ಸಂಬಂಧ, ಸಾಲ ಮನುಷ್ಯ ಮಾಡೋದು, ಪಾಲು ದೇವರು ಕೊಟ್ಟಿದ್ದು ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಆದ್ರೆ ಅಕ್ಕಂದಿರ ಪಾಲೂ ಆಯತ್‌ನಲ್ಲೇ ಐತೆ ಅನ್ನೋದನ್ನ ಎರಡು ಸಲ ಓದಿಸ್ಕೊಂಡ್ರು. ನಮ್ಮಮ್ಮ ತನ್ನ 12ರಲ್ಲಿ ಒಂದೂವರೆ ಬಿಟ್ಟುಕೊಡ್ತೀನಿ ಅಂತಾಳೆ, ಹೊಳಲ್ಕೆರೆ ದೊಡ್ಡಮ್ಮ ಒಂದು ರೂಪಾಯಿನೂ ಬಿಡಲ್ಲ ಅಂತಾರೆ. ಒಬ್ಬರೇ ಬಿಟ್ಟುಕೊಡಬಹುದಾ?

ಆಲಿಮ್ ಕೋರ್ಸ್ ಮುಗಿಸಿದೋನು
ಬಿಟ್ಟುಕೊಡಬಹುದು, ತನ್ನ ಪಾಲು ಇಷ್ಟು ಅಂತ ತಿಳ್ಕೊಂಡು, ಒತ್ತಾಯ ಇಲ್ಲದೆ ಕೊಟ್ರೆ. ದೊಡ್ಡಮ್ಮನ ಮೇಲೆ ಯಾರೂ ಒತ್ತಡ ಹಾಕಬೇಡಿ, ಅದು ಅವರ ಹಕ್ಕು.

ದುರ್ಗದ ವಕೀಲ
ಬರವಣಿಗೆಲಿ ಮಾಡ್ಕೊಳ್ಳಿ. ಇನ್ನೊಂದು, ಯಾರೂ ಕೇಳಲಿಲ್ಲ, ಖಾಲಾಗೆ ಮೆಹರ್ ಕೊಟ್ಟಾಗಿದೆಯಾ? ಬಾಕಿ ಇದ್ರೆ ಅದು ಖಾಲೂ ಮೇಲಿರೋ ಸಾಲ, ಖಾಲಾ ಆಸ್ತಿಗೆ ಸೇರಬೇಕು, ಸೇರಿಸಿ ಆಮೇಲೆ 7 ಪಾಲು ಮಾಡ್ಬೇಕು. ಖಾಲಾ ಬದುಕಿದ್ದಾಗ ಮನಸಾರೆ ಮಾಫ್ ಮಾಡಿದ್ರೆ ಬೇರೆ ಮಾತು. ನಿಕಾಹ್‌ನಾಮಾ ತೆಗೆದು ನೋಡಿ.

ಬಾಷಾನಗರದ ಹುಡುಗ
ನಿಕಾಹ್‌ನಾಮಾ ಖಾಲಾನ ಟ್ರಂಕಲ್ಲಿ ಇರಬೇಕು ಅಂತ ಅಮ್ಮ ಹೇಳ್ತಾಳೆ, ಕೀಲಿ ಖಾಲೂ ಹತ್ರ ಐತೆ. ಶುಕ್ರವಾರ ನಮಾಜ್ ಆದ್ಮೇಲೆ ದೊಡ್ಡಮ್ಮನೂ ಬರ್ತಾರೆ, ಎಲ್ಲರ ಮುಂದೇನೇ ತೆಗೀತೀವಿ.